ಹಾಳೆಯಲ್ಲಿ ಕೊಟ್ಟ ಮಾತು

‘ಈ ಅಧ್ಯಯನದಲ್ಲಿ ತಮ್ಮ ಪಾಲ್ಗೊಳ್ಳುವಿಕೆಯು ಸಂಪೂರ್ಣ ಸ್ವಯಂಪ್ರೇರಿತವಾಗಿದ್ದು, ಯಾವುದೇ ಕಾರಣ ನೀಡದೆ ಯಾವುದೇ ಹಂತದಲ್ಲಿ ತಾವು ಹಿಂದೆ ಸರಿಯಬಹುದಾಗಿರುತ್ತದೆ.’ ನಾನು ಕ್ಷೇತ್ರ ಸಂಯೋಜಕಿಯಾಗಿ ಸೇರಿದಾಗ ನನ್ನ ಕೈಗೆ ಬಂದ ಮಾಹಿತಿ ಹಾಳೆಯ ಎರಡನೇ ಪುಟದಲ್ಲಿ ಈ ವಾಕ್ಯವಿತ್ತು. ಸಂಶೋಧನಾ ಸಮೀಕ್ಷೆಗಳ ಮಾಹಿತಿ ಹಾಳೆಗಳನ್ನು ನೋಡಿದವರಿಗೆ ಇದು ಹೊಸತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇಂಥ ಭರವಸೆಯನ್ನು ಕೇಳುತ್ತದೆ, ನೈತಿಕ ಸಮಿತಿಗಳು ಅದು ಹಾಳೆಯಲ್ಲಿ ಇದೆಯೇ ಎಂದು ನೋಡುತ್ತವೆ. ಹಾಗಾಗಿ ಒಂದು ಅಧ್ಯಯನದ ಹಾಳೆಯಿಂದ ಇನ್ನೊಂದರ ಹಾಳೆಗೆ ಆ ವಾಕ್ಯ ಹಾಗೇ ದಾಟಿಕೊಂಡು ಬರುತ್ತದೆ.

ನಮ್ಮ ಅಧ್ಯಯನ ಸಾಲದ ಒತ್ತಡ ಮತ್ತು ಮಹಿಳೆಯರ ಆರೋಗ್ಯದ ಬಗ್ಗೆ ಇತ್ತು. ರಾಮನಗರ ಸೀಮೆಯ ರೇಷ್ಮೆ ಹಳ್ಳಿಗಳಲ್ಲಿ, ವಾರದ ಕಂತಿನ ಸಂಘಗಳಿಂದ ಸಾಲ ಪಡೆದ ಹೆಂಗಸರನ್ನು ಮಾತನಾಡಿಸಬೇಕಿತ್ತು. ಎಷ್ಟು ಸಾಲ, ಯಾರಿಂದ, ಕಂತು ತಪ್ಪಿದಾಗ ಏನಾಯಿತು, ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ ಎಂದೆಲ್ಲ ಕೇಳಿ, ಆರು ತಿಂಗಳ ನಂತರ ಅದೇ ಹೆಂಗಸರನ್ನು ಮತ್ತೆ ಕಂಡು ಅವೇ ಪ್ರಶ್ನೆಗಳನ್ನು ಕೇಳುವ ಯೋಜನೆ. ಆ ಹಳ್ಳಿಗಳ ಹೆಸರನ್ನು ಇಲ್ಲೂ ಬರೆಯುತ್ತಿಲ್ಲ. ಎಲ್ಲೂ ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೆವು.

ಹಾಳೆಯನ್ನು ತಿದ್ದಬೇಕೆಂಬ ಮಾತು ಹುಟ್ಟಿದ್ದು ನೈತಿಕ ಸಮಿತಿಯಲ್ಲಿ. ಸಮಿತಿಯಲ್ಲಿ ವೈದ್ಯರು, ಕಾನೂನು ಬಲ್ಲವರು ಇರುವಂತೆ ವಿಜ್ಞಾನದ ಹಿನ್ನೆಲೆಯಿಲ್ಲದ ಒಬ್ಬ ಸಾಮಾನ್ಯ ಸದಸ್ಯರೂ ಇರಬೇಕೆಂಬ ನಿಯಮವಿದೆ. ನಮ್ಮ ಸಮಿತಿಯಲ್ಲಿ ಆ ಜಾಗದಲ್ಲಿದ್ದವರು ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು. ಅವರು ಆ ವಾಕ್ಯದ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಕೇಳಿದರು: “ಅರ್ಧಕ್ಕೆ ಬಿಟ್ಟರೆ ಅಷ್ಟರವರೆಗೆ ಆಕೆ ಹೇಳಿದ್ದು ಏನಾಗುತ್ತೆ? ಮೂರು ತಿಂಗಳಾದ ಮೇಲೆ ಬೇಡ ಅಂದರೆ ಯಾರಿಗೆ ಹೇಳಬೇಕು? ಹೇಳಿದರೆ ನೀವು ಏನು ಮಾಡುತ್ತೀರಿ?” ಸಭೆಯಲ್ಲಿದ್ದ ನಮ್ಮ ತಂಡದಲ್ಲಿ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ಅಂಕಿಅಂಶ ನೋಡಿಕೊಳ್ಳುತ್ತಿದ್ದವರು ಉತ್ತರಗಳು ಉಳಿಯುತ್ತವೆ ಎಂದರು, ಮುಖ್ಯ ಸಂಶೋಧಕರು ಅಳಿಸುತ್ತೇವೆ ಎಂದರು. ವಾಕ್ಯವನ್ನು ಎಷ್ಟೇ ಸರಳ ಕನ್ನಡಕ್ಕೆ ತಂದರೂ ಸಾಲದು ಎಂದು ನನಗೆ ಅರಿವಾದದ್ದು ಆಗ. ಆಕೆ ಬೇಡವೆಂದರೆ ಯಾರು, ಯಾವತ್ತು, ಎಲ್ಲಿಂದ, ಏನನ್ನು ತೆಗೆದುಹಾಕಬೇಕು ಎಂಬುದನ್ನೇ ನಮ್ಮಲ್ಲಿ ಯಾರೂ ತೀರ್ಮಾನಿಸಿರಲಿಲ್ಲ. ತೀರ್ಮಾನವಾಗದ್ದನ್ನು ಸ್ಪಷ್ಟವಾಗಿ ಬರೆಯುವುದು ಹೇಗೆ?

ಅದಕ್ಕಾಗಿ ಹಾಳೆಯನ್ನು ಬದಿಗಿಟ್ಟು, ಒಬ್ಬ ಹೆಂಗಸು ಹೇಳಿದ ಉತ್ತರ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದನ್ನು ದೊಡ್ಡ ಕಾಗದದ ಮೇಲೆ ಬರೆಯಲು ಕುಳಿತೆವು. ಮನೆಯ ಜಗಲಿಯಲ್ಲಿ ಆಕೆ ಹೇಳಿದ್ದು ಟ್ಯಾಬಿಗೆ ಹೋಗುತ್ತದೆ. ಸಂಜೆ ಟ್ಯಾಬಿನಿಂದ ಸರ್ವರಿಗೆ ಹೋಗುತ್ತದೆ. ಅಲ್ಲಿ ಹೆಸರು, ಫೋನ್ ನಂಬರು, ಮನೆಯ ಗುರುತು ಒಂದು ಕಡತಕ್ಕೂ ಉತ್ತರಗಳು ಇನ್ನೊಂದಕ್ಕೂ ಬೇರೆಯಾಗುತ್ತವೆ. ಎರಡನ್ನೂ ಬೆಸೆಯುವುದು ಒಂದು ಸಂಕೇತ ಸಂಖ್ಯೆ. ಯಾವ ಸಂಖ್ಯೆ ಯಾರದೆಂದು ಹೇಳುವ ಮೊದಲ ಕಡತವನ್ನು ನಾವು ಕೀಲಿ ಕಡತ ಎನ್ನುತ್ತಿದ್ದೆವು. ಆರು ತಿಂಗಳ ಬಳಿಕ ಅದೇ ಮನೆಗೆ ಹೋಗಬೇಕಾದ್ದರಿಂದ ಅದು ಬೇಕೇ ಬೇಕು. ಎರಡನೇ ಭೇಟಿ ಮುಗಿದು ಲೆಕ್ಕ ತಾಳೆಯಾದ ಮೇಲೆ ಅದನ್ನು ನಾಶಮಾಡುತ್ತೇವೆ. ಅಲ್ಲಿಂದ ಮುಂದೆ ಉಳಿಯುವುದು ಹೆಸರಿಲ್ಲದ ಉತ್ತರಗಳು ಮಾತ್ರ.

ಈ ದಾರಿಯನ್ನು ಬರೆಯುವಾಗ ಹಳೆಯ ಹಾಳೆ ಹೇಳದೇ ಬಿಟ್ಟಿದ್ದ ಸಂಗತಿಗಳು ಒಂದೊಂದೇ ಹೊರಬಂದವು. ಟ್ಯಾಬು ಪ್ರತಿ ಮನೆಯ ಜಿಪಿಎಸ್ ಸ್ಥಾನವನ್ನು ತಾನಾಗಿಯೇ ದಾಖಲಿಸುತ್ತಿತ್ತು. ಸಮೀಕ್ಷಕರು ನಿಜವಾಗಿ ಮನೆಗೆ ಹೋಗಿದ್ದರೇ ಎಂದು ಪರೀಕ್ಷಿಸಲು ಹಾಕಿದ ವ್ಯವಸ್ಥೆಯದು. ಆದರೆ ಹಳ್ಳಿಯೊಂದರಲ್ಲಿ ಮನೆಯ ಸ್ಥಾನ ಗೊತ್ತಿದ್ದರೆ ಹೆಸರು ಅಳಿಸಿ ಏನು ಬಂತು? ಆ ಅಂಕಿಯನ್ನು ಕೀಲಿ ಕಡತದ ಕಡೆಗೆ ಸರಿಸಿ, ಕೆಲಸ ಪರಿಶೀಲನೆಯಾದ ಕೂಡಲೇ ತೆಗೆದುಹಾಕುವುದೆಂದು ನಿರ್ಧರಿಸಿದೆವು, ಹಾಗೆಂದು ಹಾಳೆಯಲ್ಲೂ ಬರೆದೆವು. ಇನ್ನೊಂದು, ಅರ್ಧಕ್ಕೆ ನಿಂತ ಸಂದರ್ಶನವನ್ನೂ ಟ್ಯಾಬು ಉಳಿಸಿಕೊಳ್ಳುತ್ತಿತ್ತು. ‘ನನಗೆ ಬೇಡ’ ಎಂದು ಎದ್ದು ಹೋದವಳ ಮೊದಲ ಹನ್ನೆರಡು ಉತ್ತರಗಳು ಸಂಜೆ ಸರ್ವರಿಗೆ ಸೇರಿಬಿಡುತ್ತಿದ್ದವು. ಅದಕ್ಕೆ ಟ್ಯಾಬಿನಲ್ಲೇ ಹೊಸ ಪ್ರಶ್ನೆಯೊಂದನ್ನು ಸೇರಿಸಬೇಕಾಯಿತು: ‘ಇಲ್ಲಿಯವರೆಗೆ ಹೇಳಿದ್ದನ್ನು ಇಟ್ಟುಕೊಳ್ಳೋಣವೇ, ಅಳಿಸೋಣವೇ?’ ಅಳಿಸಿ ಎಂದರೆ ಅಲ್ಲೇ, ಆಕೆಯ ಎದುರಲ್ಲೇ ಅಳಿಸಬೇಕು.

‘ಸಂಪೂರ್ಣ ಗೌಪ್ಯ’ ಎಂಬ ಮಾತನ್ನೂ ಬಿಡಬೇಕಾಯಿತು. ಅಧ್ಯಯನ ಮುಗಿದ ಮೇಲೆ ಹೆಸರಿಲ್ಲದ ಉತ್ತರಗಳನ್ನು ಬೇರೆ ಸಂಶೋಧಕರಿಗೂ ಕೊಡಬೇಕೆಂದು ಹಣ ಕೊಟ್ಟವರ ಷರತ್ತಿತ್ತು. ಅದರಲ್ಲಿ ತಪ್ಪೇನಿಲ್ಲ. ಒಮ್ಮೆ ಕಷ್ಟಪಟ್ಟು ಕಲೆಹಾಕಿದ್ದು ಹತ್ತು ಜನರ ಕೆಲಸಕ್ಕೆ ಬಂದರೆ ಒಳ್ಳೆಯದೇ. ಆದರೆ ಅದನ್ನು ಆಕೆಗೆ ಮೊದಲೇ ಹೇಳಬೇಕು. ಹೆಸರು ತೆಗೆದರೆ ಸಾಕು ಎಂದೂ ಹೇಳುವಂತಿರಲಿಲ್ಲ. ವಿಧವೆ, ಹುಳು ಸಾಕುವವಳು, ನಾಲ್ಕು ಸಂಘಗಳಲ್ಲಿ ಸಾಲ ಇರುವವಳು, ಮಗಳನ್ನು ನರ್ಸಿಂಗ್ ಓದಿಸುತ್ತಿರುವವಳು ಎಂದರೆ ಆ ಊರಿನವರು ಯಾರೆಂದು ಹೇಳಿಬಿಡುತ್ತಾರೆ. ಹೀಗಾಗಿ ಹಂಚುವ ಪ್ರತಿಯಲ್ಲಿ ಊರಿನ ಹೆಸರು ಇರುವುದಿಲ್ಲ, ವಯಸ್ಸು ಹತ್ತು ವರ್ಷಗಳ ಗುಂಪಿನಲ್ಲಿ ಮಾತ್ರ ಇರುತ್ತದೆ, ಒಂದು ಗುಂಪಿನಲ್ಲಿ ಐವರಿಗಿಂತ ಕಡಿಮೆ ಜನ ಬಿದ್ದರೆ ಅದನ್ನು ಪಕ್ಕದ ಗುಂಪಿಗೆ ಸೇರಿಸುತ್ತೇವೆ ಎಂದು ತೀರ್ಮಾನವಾಯಿತು. ಹಾಳೆಯಲ್ಲಿ ಇಷ್ಟೆಲ್ಲ ಬರೆಯಲಿಲ್ಲ. ‘ನಿಮ್ಮ ಹೆಸರು, ಊರು ತೆಗೆದ ಮೇಲೆ ಉತ್ತರಗಳನ್ನು ಬೇರೆ ಸಂಶೋಧಕರೂ ಬಳಸಬಹುದು. ನೀವು ಯಾರೆಂದು ಅವರಿಗೆ ತಿಳಿಯದಂತೆ ನಾವು ಎಚ್ಚರ ವಹಿಸುತ್ತೇವೆ. ಸಾಲ ಕೊಟ್ಟ ಸಂಘಕ್ಕಾಗಲಿ, ಬ್ಯಾಂಕಿಗಾಗಲಿ, ಪಂಚಾಯಿತಿಗಾಗಲಿ ಕೊಡುವುದಿಲ್ಲ’ ಎಂದು ಬರೆದೆವು.

ಕೊನೆಯ ವಾಕ್ಯ ಮೊದಲ ಕರಡಿನಲ್ಲಿ ಇರಲಿಲ್ಲ. ಪ್ರಾಯೋಗಿಕ ಸುತ್ತಿನಲ್ಲಿ ಹಳ್ಳಿಯವರಿಂದಲೇ ಅದು ಬಂತು. ನಾವು ಕರಡನ್ನು ಓದಿ ಹೇಳಿ, ‘ಅರ್ಥವಾಯಿತಾ’ ಎಂದು ಕೇಳುತ್ತಿರಲಿಲ್ಲ. ಆ ಪ್ರಶ್ನೆಗೆ ಎಲ್ಲರೂ ಹೂಂ ಎನ್ನುತ್ತಾರೆ. ಅದರ ಬದಲು, “ಅಕ್ಕಾ, ಮಧ್ಯದಲ್ಲಿ ಸಾಕು ಅನ್ನಿಸಿದರೆ ಏನು ಮಾಡ್ತೀರಿ?”, “ನೀವು ಹೇಳಿದ್ದು ಯಾರ್ಯಾರು ನೋಡಬಹುದು ಅಂತೀರಿ?” ಎಂದು ತಿರುಗಿ ಕೇಳುತ್ತಿದ್ದೆವು. ಹಾಳೆ ಎಲ್ಲಿ ಸೋಲುತ್ತಿದೆ ಎಂದು ಆ ಉತ್ತರಗಳಲ್ಲೇ ಕಾಣುತ್ತಿತ್ತು. ಸಾಲದ ಬಗ್ಗೆ ಕೇಳುವವರು ಸಾಲ ಕೊಟ್ಟವರ ಕಡೆಯವರೇ ಇರಬೇಕು ಎಂದು ಹಲವರು ನಂಬಿದ್ದರು. ಇನ್ನು ಕೆಲವರಿಗೆ ರೇಷನ್ ಕಾರ್ಡಿನ ಭಯ. “ಇಷ್ಟು ಸಾಲ ತಗೊಂಡವ್ರೆ ಅಂದ್ರೆ ಆದಾಯ ಐತೆ ಅಂದ್ಕೊಂಡು ಕಾರ್ಡ್ ಕಿತ್ಕೊಂಡ್ರೆ?” ಎಂದು ಒಬ್ಬಾಕೆ ಕೇಳಿದಳು. ಗೃಹಲಕ್ಷ್ಮಿ ಹಣ ನಿಂತುಹೋಗುತ್ತದೆಯೇ ಎಂಬ ಮಾತೂ ಬಂತು. ಇವಕ್ಕೆಲ್ಲ ‘ಯಾವುದೇ ಸೌಲಭ್ಯಕ್ಕೆ ಧಕ್ಕೆಯಾಗುವುದಿಲ್ಲ’ ಎಂಬ ಹಳೆಯ ವಾಕ್ಯ ಉತ್ತರವೇ ಆಗಿರಲಿಲ್ಲ. ರೇಷನ್ ಕಾರ್ಡು, ಗೃಹಲಕ್ಷ್ಮಿ, ಸಂಘದ ಮುಂದಿನ ಸಾಲ ಎಂದು ಹೆಸರು ಹಿಡಿದು ಬರೆದ ಮೇಲೆ ಆ ಪ್ರಶ್ನೆಗಳು ಕಡಿಮೆಯಾದವು.

ಮನೆಗೆ ಬಂದು ಪ್ರಶ್ನೆ ಕೇಳುವವರೆಲ್ಲ ಸರ್ಕಾರದವರು ಎಂಬ ನಂಬಿಕೆಗೂ ಕಾರಣವಿದೆ. ಜನಗಣತಿಯಲ್ಲಿ ಉತ್ತರ ಕೊಡುವುದು 1948ರ ಕಾಯ್ದೆಯ ಪ್ರಕಾರ ಕಡ್ಡಾಯ. ಅದೇ ಕಾಯ್ದೆ ಆ ದಾಖಲೆಗಳನ್ನು ಗುಟ್ಟಾಗಿಡಬೇಕೆಂದೂ ಹೇಳುತ್ತದೆ. ಆದರೆ ಎಲ್ಲ ಸಮೀಕ್ಷೆಯೂ ಜನಗಣತಿಯಲ್ಲ. 2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ಪ್ರಶ್ನೆ ಬಂದಾಗ, ಮಾಹಿತಿ ಕೊಡುವುದು ಅವರವರ ಇಚ್ಛೆಗೆ ಬಿಟ್ಟದ್ದು, ಅದನ್ನು ಜನರಿಗೆ ತಿಳಿಸಬೇಕು ಎಂದು ಹೈಕೋರ್ಟ್ ಹೇಳಿದ್ದನ್ನು ಓದಿದಾಗ ನನಗೆ ಆ ಹಳ್ಳಿಯ ಜಗಲಿಗಳು ನೆನಪಾದವು. ಸರ್ಕಾರದ್ದೇ ಸಮೀಕ್ಷೆಯಲ್ಲೂ ಇದನ್ನು ಬಿಡಿಸಿ ಹೇಳಬೇಕಾದರೆ, ಯಾರೆಂದೇ ತಿಳಿಯದ ನಮ್ಮಂಥವರು ಎಷ್ಟು ಬಿಡಿಸಿ ಹೇಳಬೇಕು! ನಮ್ಮ ಹಾಳೆಯ ಮೊದಲ ಮೂರು ಸಾಲು ಇದಕ್ಕೇ ಮೀಸಲಾದವು: ನಾವು ಯಾರು, ಇದು ಜನಗಣತಿಯಲ್ಲ, ಬೇಡವೆನ್ನಬಹುದು.

ಬೇಡವೆನ್ನಬಹುದು ಎಂದು ಬರೆದರೂ ಆಕೆಗೆ ಹಾಗೆನ್ನಲು ಜಾಗವಿರಬೇಕಲ್ಲ. ನಮ್ಮನ್ನು ಮನೆಮನೆಗೆ ಕರೆದೊಯ್ಯುತ್ತಿದ್ದವರು ಆಶಾ ಕಾರ್ಯಕರ್ತೆಯರು. ಅವರಿಲ್ಲದೆ ನಮಗೆ ಬಾಗಿಲು ತೆರೆಯುತ್ತಿರಲಿಲ್ಲ. ಆದರೆ ಹೆರಿಗೆಗೆ, ಮಗುವಿನ ಚುಚ್ಚುಮದ್ದಿಗೆ ನಾಳೆ ಅವರನ್ನೇ ನಂಬಿಕೊಂಡಿರುವ ಹೆಂಗಸು, ಅವರು ಪಕ್ಕದಲ್ಲಿ ಕೂತಿರುವಾಗ ಆಗುವುದಿಲ್ಲ ಎನ್ನುವುದು ಕಷ್ಟ. ಸಂಘದ ಅಧ್ಯಕ್ಷೆ ಜೊತೆಗಿದ್ದರಂತೂ ಇನ್ನೂ ಕಷ್ಟ. ಹಾಗಾಗಿ ಆಶಾ ಕಾರ್ಯಕರ್ತೆ ಮನೆ ತೋರಿಸಿ, ಪರಿಚಯ ಹೇಳಿ ಹೊರಟುಬಿಡಬೇಕೆಂದು ನಿಯಮ ಮಾಡಿದೆವು. ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದನ್ನು ಅವರಿಗೆ ಹೇಳುವುದಿಲ್ಲ ಎಂದು ಹಾಳೆಯಲ್ಲಿ ಬರೆದೆವು. ಕೆಲವು ಆಶಾ ಕಾರ್ಯಕರ್ತೆಯರಿಗೆ ಇದರಿಂದ ಬೇಸರವಾಯಿತು. “ನಾನೇ ಕರ್ಕೊಂಡು ಬಂದು ನಾನೇ ಆಚೆ ಹೋಗ್ಬೇಕಾ ಮೇಡಂ?” ಎಂದರು. ಕಾರಣ ವಿವರಿಸಿದಾಗ ಒಪ್ಪಿದರು. ಅವರು ಹೊರಟುಹೋದರೆ ಒಪ್ಪದವರ ಸಂಖ್ಯೆ ಹೆಚ್ಚುತ್ತದೆ ಎಂದು ತಂಡದಲ್ಲೂ ಆತಂಕವಿತ್ತು. ಹೆಚ್ಚಿತು ಕೂಡ. ಬೇಡವೆನ್ನಲು ದಾರಿ ತೆರೆದರೆ ಕೆಲವರು ಬೇಡವೆನ್ನುತ್ತಾರೆ, ಮಾದರಿಯ ಲೆಕ್ಕ ಹಾಕುವಾಗಲೇ ಅದಕ್ಕೆ ಅವಕಾಶ ಇಟ್ಟುಕೊಳ್ಳಬೇಕು.

ಹಣದ ವಿಷಯದಲ್ಲೂ ಹೀಗೇ. ಕೂಲಿಯ ಹೊತ್ತನ್ನು ನಮಗೆ ಕೊಟ್ಟಿದ್ದಕ್ಕೆ ಪ್ರತಿಯೊಬ್ಬರಿಗೂ 150 ರೂಪಾಯಿ ಕೊಡುತ್ತಿದ್ದೆವು. ಹಳೆಯ ಹಾಳೆಯ ಪ್ರಕಾರ ಅದು ‘ಸಂದರ್ಶನ ಪೂರ್ಣಗೊಂಡ ನಂತರ’. ಹಾಗಿದ್ದರೆ ಅರ್ಧಕ್ಕೆ ಎದ್ದವಳು 150 ರೂಪಾಯಿ ಕಳೆದುಕೊಳ್ಳುತ್ತಾಳೆ. ಕಂತಿನ ದಿನ ಹತ್ತಿರವಿರುವ ಹೆಂಗಸಿಗೆ ಅದು ಸಣ್ಣ ಮೊತ್ತವಲ್ಲ. ನಾವು ಅದನ್ನು ಮೊದಲೇ ಕೊಡಲು ಶುರುಮಾಡಿದೆವು. ‘ಮಧ್ಯದಲ್ಲಿ ನಿಲ್ಲಿಸಿದರೂ ಹಣ ನಿಮ್ಮದೇ’ ಎಂದು ಬರೆದೆವು. ಲೆಕ್ಕ ವಿಭಾಗದವರಿಗೆ ರಸೀದಿಯ ಸಾಲನ್ನು ಬದಲಿಸಲು ಒಪ್ಪಿಸಿದ್ದು ಮಾತ್ರ ಬೇರೆಯೇ ಕೆಲಸವಾಯಿತು.

ಸಹಿಯ ಬಗ್ಗೆ ನಾವು ಕಲಿತದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. “ಸಹಿ ಹಾಕಿದ್ಮೇಲೆ ಮುಗೀತಲ್ವಾ ಮೇಡಂ, ಆಮೇಲೆ ಬಿಡಕ್ಕಾಯ್ತದಾ?” ಎಂದು ಕೇಳಿದಾಕೆ ಏಳನೇ ತರಗತಿ ಓದಿದ್ದಳು, ಹಾಳೆಯನ್ನು ತಾನೇ ಓದಿದ್ದಳು. ಯಾವಾಗ ಬೇಕಾದರೂ ಬಿಡಬಹುದು ಎಂಬುದು ಅವಳಿಗೆ ಅರ್ಥವಾಗಿತ್ತು, ಆದರೆ ಅದು ಸಹಿಗೆ ಮುಂಚಿನ ಮಾತು ಎಂದುಕೊಂಡಿದ್ದಳು. ಅವಳ ಅನುಭವದಲ್ಲಿ ಸಹಿ, ಹೆಬ್ಬೆಟ್ಟು ಎಂದರೆ ಕಟ್ಟಿಹಾಕುವಂಥದ್ದು. ಸಾಲದ ಕಾಗದಕ್ಕೆ ಸಹಿ ಹಾಕಿದ ಮೇಲೆ ವಾರವಾರ ಕಟ್ಟಲೇಬೇಕು, ಒಬ್ಬಳು ಕಟ್ಟದಿದ್ದರೆ ಗುಂಪಿನವರೆಲ್ಲ ಅವಳ ಮನೆ ಮುಂದೆ ಬಂದು ಕೂರುತ್ತಾರೆ. ನಮ್ಮ ಒಪ್ಪಿಗೆ ಪತ್ರವೂ ಅಂಥದ್ದೇ ಕಾಗದವಾಗಿ ಕಂಡಿತ್ತು, ಅದೂ ಸಾಲದ ಬಗ್ಗೆಯೇ ಕೇಳುವ ಕಾಗದ. ನಾವು ಪತ್ರದ ಕ್ರಮವನ್ನೇ ಬದಲಿಸಿದೆವು. ಮೊದಲು ಸಮೀಕ್ಷಕಿ ತನ್ನ ಹೆಸರು ಬರೆದು ಸಹಿ ಹಾಕಬೇಕು, ಆಮೇಲೆ ಆಕೆಯ ಸಹಿ ಅಥವಾ ಹೆಬ್ಬೆಟ್ಟು. ಓದಲು ಬಾರದವರಾದರೆ ನಮ್ಮ ತಂಡಕ್ಕೆ ಸೇರದ, ಓದು ಬಲ್ಲ ಸಾಕ್ಷಿಯೊಬ್ಬರ ಎದುರು ಪೂರ್ತಿ ಓದಿ ಹೇಳಿ, ಅವರ ಸಹಿಯನ್ನೂ ಪಡೆಯಬೇಕು. ಆ ಸಾಕ್ಷಿ ಹಾಳೆ ಓದುವವರೆಗೆ ಇದ್ದು, ಪ್ರಶ್ನೆಗಳು ಶುರುವಾಗುವ ಮೊದಲು ಹೋಗಬೇಕು. ಸಹಿಯ ಜಾಗದ ಮೇಲೆ ದಪ್ಪ ಅಕ್ಷರದಲ್ಲಿ ಎರಡು ವಾಕ್ಯ ಬಂದವು: ‘ಈ ಸಹಿ ನಿಮ್ಮನ್ನು ಯಾವುದಕ್ಕೂ ಕಟ್ಟಿಹಾಕುವುದಿಲ್ಲ. ಸಹಿ ಹಾಕಿದ ಮೇಲೂ ನಿಲ್ಲಿಸಬಹುದು.’

ಆದರೆ ಎಷ್ಟು ದಿನ? ಹಳೆಯ ಹಾಳೆಯಲ್ಲಿ ಸತ್ಯವಲ್ಲದ ಮಾತೆಂದರೆ ‘ಯಾವುದೇ ಹಂತದಲ್ಲಿ’ ಎಂಬುದು. ಕೀಲಿ ಕಡತ ನಾಶವಾದ ಮೇಲೆ ಆಕೆ ಬಂದು ತನ್ನದನ್ನು ತೆಗೆಯಿರಿ ಎಂದರೆ, ಯಾವ ಸಾಲು ಆಕೆಯದೆಂದು ನಮಗೇ ಗೊತ್ತಾಗುವುದಿಲ್ಲ. ಆದ್ದರಿಂದ ಒಂದು ತಾರೀಕು ಬೇಕಿತ್ತು. ಎರಡನೇ ಭೇಟಿ ಮಾರ್ಚ್ ಹೊತ್ತಿಗೆ ಮುಗಿಯುತ್ತಿತ್ತು, ತಾಳೆ ನೋಡಲು ಏಪ್ರಿಲ್ ಬೇಕಿತ್ತು. ಮುಗಿದ ಕೂಡಲೇ ಕಡತ ಅಳಿಸಿದರೆ ಗುಟ್ಟಿನ ದೃಷ್ಟಿಯಿಂದ ಒಳ್ಳೆಯದು, ಆದರೆ ಮನಸ್ಸು ಬದಲಿಸಲು ಆಕೆಗೆ ಹೊತ್ತು ಸಿಗುವುದಿಲ್ಲ. ಬಹಳ ದಿನ ಇಟ್ಟುಕೊಂಡರೆ ಹೊತ್ತು ಸಿಗುತ್ತದೆ, ಆದರೆ ಹೆಸರುಗಳಿರುವ ಕಡತ ಅಷ್ಟು ದಿನ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಎರಡನ್ನೂ ತೂಗಿ ಜೂನ್ 30 ಎಂದು ನಿಶ್ಚಯಿಸಿದೆವು. ಹಾಳೆಯಲ್ಲಿ ಹೀಗೆ ಬಂತು: ‘ಜೂನ್ 30ರವರೆಗೆ ಫೋನ್ ಮಾಡಿದರೆ ನೀವು ಹೇಳಿದ್ದನ್ನೆಲ್ಲ ತೆಗೆದುಹಾಕುತ್ತೇವೆ. ಪೂರ್ತಿ ತೆಗೆಯಲು ಒಂದು ತಿಂಗಳು ಹಿಡಿಯಬಹುದು. ಜೂನ್ 30 ಕಳೆದ ಮೇಲೆ ಕೇಳಿದರೆ ನಿಮ್ಮ ಉತ್ತರ ಯಾವುದೆಂದು ನಮಗೂ ಗುರುತಿಸಲು ಆಗುವುದಿಲ್ಲ, ಹಾಗಾಗಿ ತೆಗೆಯಲು ಆಗುವುದಿಲ್ಲ.’ ಬಾಯಲ್ಲಿ ಹೇಳುವಾಗ ಸಮೀಕ್ಷಕಿಯರು ಯುಗಾದಿ ಕಳೆದು ಮಳೆಗಾಲ ಹಿಡಿಯುವವರೆಗೆ ಎಂದೂ ಸೇರಿಸುತ್ತಿದ್ದರು. ಒಂದು ತಿಂಗಳು ಎಂದದ್ದು ಸರ್ವರಿನ ಬ್ಯಾಕಪ್ ಪ್ರತಿಗಳಿಗಾಗಿ. ಹಳೆಯ ಬ್ಯಾಕಪ್ಪಿನ ಮೇಲೆ ಹೊಸದು ಬರೆದು ಮುಗಿಯಲು ಅಷ್ಟು ದಿನ ಹಿಡಿಯುತ್ತಿತ್ತು.

ಫೋನ್ ಯಾರಿಗೆ ಎಂಬುದೂ ಮುಖ್ಯ. ಹಳೆಯ ಹಾಳೆಯಲ್ಲಿದ್ದದ್ದು ಮುಖ್ಯ ಸಂಶೋಧಕರ ಕಚೇರಿಯ ಸ್ಥಿರ ದೂರವಾಣಿ. ಎತ್ತಿದವರು ಇಂಗ್ಲಿಷಿನಲ್ಲಿ ಮಾತು ಶುರುಮಾಡುತ್ತಿದ್ದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ ಅಂಶವೆಂದರೆ, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಿರಬೇಕು ಎಂಬುದು. ಸಂಶೋಧನೆಗೆ ಆ ಕಾಯ್ದೆಯಲ್ಲಿ ಷರತ್ತಿನ ವಿನಾಯಿತಿ ಇದೆ, ಆದರೂ ನಾವು ಆ ಅಳತೆಗೋಲನ್ನೇ ಹಿಡಿದೆವು. ಒಪ್ಪಿಗೆ ಕೊಡಲು ಆಕೆ ಮನೆ ಬಿಟ್ಟು ಕದಲಿರಲಿಲ್ಲ, ಕನ್ನಡದಲ್ಲೇ ಮಾತನಾಡಿದ್ದಳು. ಅದಕ್ಕೇ ಒಂದು ಮೊಬೈಲನ್ನು ನನ್ನ ಸಹೋದ್ಯೋಗಿಯೊಬ್ಬಳ ಕೈಗೆ ಕೊಟ್ಟೆವು. ಮಿಸ್ಡ್ ಕಾಲ್ ಕೊಟ್ಟರೆ ಸಾಕು, ನಾವೇ ಮಾಡುತ್ತೇವೆ. ದೂರಿದ್ದರೆ ಹೇಳಲು ನೈತಿಕ ಸಮಿತಿಯ ಕಾರ್ಯದರ್ಶಿಯ ನಂಬರು ಅದರ ಕೆಳಗೆ.

ಆ ಮೊಬೈಲಿಗೆ ಬಂದ ಎರಡು ಕರೆಗಳಿಂದ ವ್ಯವಸ್ಥೆ ನಿಜವಾಗಿ ಪರೀಕ್ಷೆಗೆ ಒಳಗಾಯಿತು. ಒಂದರಲ್ಲಿ ಒಬ್ಬಾಕೆ, ತನ್ನ ಸಂಕೇತ ಸಂಖ್ಯೆ ಓದಿ, “ನಂದು ತೆಗೆದ್ಬಿಡಿ” ಎಂದಳು. ಕಾರಣ ಕೇಳಬಾರದೆಂದು ನಿಯಮ, ಕೇಳಲಿಲ್ಲ. ಮನೆಯ ಗುರುತಿನ ಒಂದೆರಡು ಪ್ರಶ್ನೆ ಕೇಳಿ ಆಕೆಯೇ ಎಂದು ಖಚಿತಪಡಿಸಿಕೊಂಡು, ಮೊದಲು ಉತ್ತರಗಳ ಕಡತದಿಂದ, ಬಳಿಕ ಕೀಲಿ ಕಡತದಿಂದ ಆಕೆಯ ಸಾಲನ್ನು ತೆಗೆದೆವು. ಅಂಕಿಅಂಶದವರ ಬಳಿ ಹೋಗಿದ್ದ ಪ್ರತಿಯಲ್ಲೂ ತೆಗೆಸಿದೆವು. ಅಲ್ಲಿ ತೆಗೆಯುವುದು ಸುಲಭವಾಗಿ ಮರೆತುಹೋಗುವ ಹಂತ. ಸಹಿ ಮಾಡಿದ ಕಾಗದವನ್ನು ಏನು ಮಾಡುವುದೆಂದು ಸಮಿತಿಯನ್ನು ಕೇಳಿದೆವು. ಒಪ್ಪಿಗೆ ಪಡೆದೇ ಮಾತನಾಡಿಸಿದ್ದೆವೆಂಬುದಕ್ಕೆ ಅದು ದಾಖಲೆ, ಮುಚ್ಚಿದ ಲಕೋಟೆಯಲ್ಲಿ ಬೇರೆ ಇಡಿ ಎಂದರು. ಆ ಮೇಲೆ ಹಾಳೆಯಲ್ಲಿ ಅದಕ್ಕೂ ಒಂದು ವಾಕ್ಯ ಸೇರಿತು. ಪ್ರತಿ ತಿದ್ದುಪಡಿಗೂ ಸಮಿತಿಯ ಒಪ್ಪಿಗೆ ಬೇಕು. ಹಾಳೆಯ ತಳದಲ್ಲಿ ಆವೃತ್ತಿಯ ಸಂಖ್ಯೆ, ತಾರೀಕು ಇರಬೇಕು, ಹಳೆಯ ಪ್ರತಿಗಳನ್ನು ಸಮೀಕ್ಷಕಿಯರ ಚೀಲಗಳಿಂದ ವಾಪಸ್ಸು ಪಡೆಯಬೇಕು.

ಇನ್ನೊಂದು ಕರೆ ಒಬ್ಬಾಕೆಯ ಗಂಡನದು. ಹಾಳೆ ಮನೆಯಲ್ಲಿ ಸಿಕ್ಕಿತ್ತು. ತನ್ನ ಹೆಂಡತಿ ಎಷ್ಟು ಸಾಲ ಎಂದು ಹೇಳಿದ್ದಾಳೆ, ಯಾರ್ಯಾರ ಹೆಸರು ಹೇಳಿದ್ದಾಳೆ ಎಂದು ಏರಿದ ದನಿಯಲ್ಲಿ ಕೇಳಿದ. ನನ್ನ ಸಹೋದ್ಯೋಗಿ, ಯಾರು ಮಾತನಾಡಿದ್ದಾರೆ, ಯಾರು ಮಾತನಾಡಿಲ್ಲ ಎಂಬುದನ್ನೂ ಹೇಳಲು ಬರುವುದಿಲ್ಲ ಎಂದು ಸಮಾಧಾನದಿಂದ ಹೇಳಿ ಇಟ್ಟಳು. ಆದರೆ ನಾವು ಕೊಟ್ಟುಬಂದ ಹಾಳೆಯೇ ಆಕೆ ಮಾತನಾಡಿದ್ದನ್ನು ಹೇಳಿಬಿಟ್ಟಿತ್ತು. ಅದರ ತಲೆಬರಹದಲ್ಲಿ ‘ಸಾಲ’ ಎಂದು ದಪ್ಪಗೆ ಅಚ್ಚಾಗಿತ್ತು. ಗಂಡನಿಗೆ ಗೊತ್ತಿಲ್ಲದ ಸಾಲ ಎಷ್ಟೋ ಹೆಂಗಸರಿಗೆ ಇತ್ತು. ಪ್ರತಿಯನ್ನು ಆಕೆಗೆ ಕೊಡಬೇಕೆಂಬ ನಿಯಮ ಆಕೆಯ ಹಿತಕ್ಕಾಗಿಯೇ ಇರುವುದು, ಅದೇ ಪ್ರತಿ ಆಕೆಗೆ ಕಷ್ಟ ತರುವುದಾದರೆ? ಸಮಿತಿಯ ಮುಂದೆ ಇದನ್ನು ಇಟ್ಟಾಗ ಬಹಳ ಹೊತ್ತು ಚರ್ಚೆಯಾಯಿತು. ತಲೆಬರಹವನ್ನು ‘ಮಹಿಳೆಯರ ದುಡಿಮೆ, ಹಣಕಾಸು ಮತ್ತು ಆರೋಗ್ಯ’ ಎಂದು ಬದಲಿಸಿದೆವು. ಸಾಲದ ಬಗ್ಗೆ ಕೇಳುತ್ತೇವೆ ಎಂಬುದನ್ನು ಓದಿ ಹೇಳುವಾಗ ಮುಚ್ಚಿಡದೆ ಹೇಳುವುದು ಕಡ್ಡಾಯವಾಯಿತು. ಹಾಳೆ ಬೇಡ ಎಂದವರಿಗೆ ಫೋನ್ ನಂಬರು ಮತ್ತು ಸಂಕೇತ ಸಂಖ್ಯೆ ಮಾತ್ರ ಇರುವ ಸಣ್ಣ ಚೀಟಿ. ಎರಡರಲ್ಲಿ ಯಾವುದು ಬೇಕೆಂದು ಆಕೆಯೇ ಹೇಳಬೇಕು. ಹಲವರು ಚೀಟಿಯನ್ನೇ ಆರಿಸಿ, ಮೊಬೈಲಿನ ಕವರಿನ ಹಿಂದೆ ಸೇರಿಸಿಕೊಂಡರು.

ಜೂನ್ 30 ಕಳೆದ ಮೇಲೆ ಇಬ್ಬರು ಎದುರಿಗಿದ್ದು ಕೀಲಿ ಕಡತವನ್ನು ಅಳಿಸಿ, ರಿಜಿಸ್ಟರಿನಲ್ಲಿ ಸಹಿ ಮಾಡಿದೆವು. ಆಮೇಲೆ ಬೇರೊಂದು ಜಿಲ್ಲೆಯ ತಂಡದವರು ತಮ್ಮ ಅಧ್ಯಯನಕ್ಕೆ ನಮ್ಮ ಹಾಳೆಯನ್ನು ಕೇಳಿದರು. ನಾನು ಹಾಳೆಯ ಜೊತೆಗೆ ಉತ್ತರಗಳ ದಾರಿ ಬರೆದಿದ್ದ ಆ ದೊಡ್ಡ ಕಾಗದದ ಚಿತ್ರವನ್ನೂ ಕಳಿಸಿ, ಮೊದಲು ನಿಮ್ಮದನ್ನು ಇದರ ಮೇಲೆ ಬರೆಯಿರಿ ಎಂದೆ. ಅವರು ಸಂದರ್ಶನದ ಧ್ವನಿಯನ್ನೂ ಮುದ್ರಿಸಿಕೊಳ್ಳುತ್ತಿದ್ದರು. ಹೆಸರು ಅಳಿಸಿದರೂ ದನಿಯಿಂದ ಗುರುತು ಸಿಗುತ್ತದೆ. ಬರಹಕ್ಕೆ ಇಳಿಸಿದ ಕೂಡಲೇ ಧ್ವನಿ ಕಡತ ಅಳಿಸುವುದೆಂದು ಅವರು ತೀರ್ಮಾನಿಸಿಕೊಂಡರು, ಅವರ ಹಾಳೆಯಲ್ಲಿ ಒಂದರ ಬದಲು ಎರಡು ತಾರೀಕುಗಳು ಬಂದವು.